ಕ್ರೀಡಾ ಸಾಮಗ್ರಿ ಕೊಠಡಿ: ಮೈದಾನಕ್ಕೆ ಸಾಮಾನು ಒಯ್ಯುವ ಮುನ್ನ ನೋಡಬೇಕಾದ್ದು

(ಕೊಠಡಿಯ ಬಾಗಿಲ ಒಳಬದಿಗೆ ಅಂಟಿಸಿದ್ದು. ಹೋಬಳಿ ಮಟ್ಟದ ಕ್ರೀಡಾಕೂಟದ ತಯಾರಿ ಶುರುವಾದ ದಿನದಿಂದ ಪ್ರತಿ ಸೋಮವಾರ ಬೆಳಿಗ್ಗೆ ಪೂರ್ತಿ ತಪಾಸಣೆ. ಉಳಿದ ದಿನ, ಹೊರಗೆ ಹೋಗುವ ಸಾಮಾನಿಗೆ ಮಾತ್ರ.)

ಪರೀಕ್ಷಿಸುವವರು ಇಬ್ಬರು: ದೈಹಿಕ ಶಿಕ್ಷಣ ಶಿಕ್ಷಕರು ಮತ್ತು ಆ ದಿನದ ಮೈದಾನ ಉಸ್ತುವಾರಿ ಶಿಕ್ಷಕರು. ಮಕ್ಕಳನ್ನು ಈ ಕೆಲಸಕ್ಕೆ ಕಳಿಸಬೇಡಿ. ಬೇಕಾದದ್ದು: ಟಾರ್ಚ್, ದಪ್ಪ ಕೈಗವಸು, 17ರ ಸ್ಪ್ಯಾನರ್, ಅಳತೆ ಟೇಪು, ಕೊಕ್ಕೆ ಇರುವ ಸ್ಪ್ರಿಂಗ್ ತಕ್ಕಡಿ, ಕೆಂಪು ಬಟ್ಟೆಯ ಪಟ್ಟಿಗಳು.

ಕೆಂಪು ಪಟ್ಟಿ ಕಟ್ಟಿದ ಸಾಮಾನು ಬಾಗಿಲು ದಾಟುವಂತಿಲ್ಲ. "ಇವತ್ತೊಂದು ದಿನ ಆಡಲಿ ಬಿಡಿ ಸಾರ್" ಎಂದು ಯಾರೇ ಕೇಳಿದರೂ ಇಲ್ಲ. ಪಟ್ಟಿ ಕಟ್ಟಿದವರೇ ದುರಸ್ತಿ ನೋಡಿ ಬಿಚ್ಚಬೇಕು.

ಒಳಗೆ ಕಾಲಿಡುವ ಮೊದಲು ಬಾಗಿಲು, ಕಿಟಕಿ ಎರಡನ್ನೂ ತೆರೆದು ಐದು ನಿಮಿಷ ಬಿಡಿ. ಮಳೆಗಾಲದಲ್ಲಿ ಮ್ಯಾಟಿನ ಕೆಳಗೆ ಚೇಳು, ಬಲೆಯ ರಾಶಿಯೊಳಗೆ ಹಾವಿನ ಮರಿ ಸಿಕ್ಕಿದ್ದುಂಟು. ಯಾವುದನ್ನೂ ಬರಿಗೈಯಲ್ಲಿ ಮಗುಚಬೇಡಿ. ಕೋಲಿನಿಂದ ತಟ್ಟಿ, ಆಮೇಲೆ ಎತ್ತಿ.

ಗೋಲ್ ಕಂಬಗಳು

ಇಡೀ ಕೊಠಡಿಯಲ್ಲಿ ನನಗೆ ಹೆಚ್ಚು ಭಯ ಇರುವುದು ಇವುಗಳ ಮೇಲೆ. ಹಿಂದೆ ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ನೆಲಕ್ಕೆ ಬಿಗಿಯದ ಗೋಲ್ ಕಂಬದ ಅಡ್ಡಪಟ್ಟಿಗೆ ಏಳನೇ ತರಗತಿಯ ಹುಡುಗ ಜೋತುಬಿದ್ದ. ಕಂಬ ಮುಂದಕ್ಕೆ ಮಗುಚಿತು. ಅವನ ಮಣಿಕಟ್ಟು ಮುರಿಯಿತು. ಅರ್ಧ ಅಡಿ ಆಚೆ ಬಿದ್ದಿದ್ದರೆ ತಲೆಯ ಮೇಲೆ ಬೀಳುತ್ತಿತ್ತು. ಆದ್ದರಿಂದ ಈ ಭಾಗವನ್ನು ಅವಸರದಲ್ಲಿ ಮುಗಿಸಬೇಡಿ.

ನಮ್ಮಲ್ಲಿರುವುದು ಹ್ಯಾಂಡ್‌ಬಾಲ್ ಅಳತೆಯ ಒಂದು ಜೊತೆ: ಒಳಗಿನ ಅಗಲ 3 ಮೀಟರ್, ಎತ್ತರ 2 ಮೀಟರ್. ಮಕ್ಕಳು ಫುಟ್‌ಬಾಲಿಗೂ ಇವನ್ನೇ ಬಳಸುತ್ತಾರೆ.

☐ ಕಂಬ ಮತ್ತು ತಳದ ಪೈಪು ಸೇರುವ ಮೂಲೆಯ ವೆಲ್ಡಿಂಗ್. ಬಣ್ಣ ಉಬ್ಬಿದ್ದರೆ ಒಳಗೆ ತುಕ್ಕು ಇದೆ ಎಂದೇ ತಿಳಿಯಿರಿ. ಕೆರೆದು ನೋಡಿ, ಸ್ಪ್ಯಾನರಿನಿಂದ ತಟ್ಟಿ. ಗಟ್ಟಿ ಪೈಪು ಗಣಗಣ ಅನ್ನುತ್ತದೆ, ಸವೆದದ್ದು ದಪ್ಪ ಸದ್ದು ಕೊಡುತ್ತದೆ. ಕೂದಲೆಳೆಯಷ್ಟು ಬಿರುಕು ಕಂಡರೂ ಕೆಂಪು ಪಟ್ಟಿ.
☐ ಅಡ್ಡಪಟ್ಟಿಯ ನಾಲ್ಕು ಬೋಲ್ಟುಗಳು. ಬೆರಳಲ್ಲಿ ತಿರುಗದಿದ್ದರೆ ಸಾಲದು, ಸ್ಪ್ಯಾನರಿಗೂ ಅಲುಗಬಾರದು.
☐ ಬಲೆ ಸಿಕ್ಕಿಸುವ ಕೊಕ್ಕೆಗಳು. ಬಾಯಿ ತೆರೆದ ಕಬ್ಬಿಣದ ಕೊಕ್ಕೆ ಉಂಗುರ ಹಾಕಿಕೊಂಡ ಬೆರಳನ್ನು ಹಿಡಿದುಕೊಳ್ಳುತ್ತದೆ. ಅಂಥವನ್ನು ತೆಗೆದು ಪ್ಲಾಸ್ಟಿಕ್ ಟ್ಯಾಗಿನಿಂದ ಬಲೆ ಕಟ್ಟಿ.
☐ ಹಿಂದಿನ ತಳಪಟ್ಟಿಗೆ ಹೊಡೆಯುವ ಎರಡು ಉದ್ದ ಗೂಟ, ಅದರ ಮೇಲೆ ಹೇರುವ ನಾಲ್ಕು ಮರಳು ಚೀಲ. ಚೀಲ ಹರಿದು ಮರಳು ಸೋರಿದ್ದರೆ ತುಂಬಿಸಿ ಹೊಲಿಸಿ.

ಮೈದಾನದಲ್ಲಿ ನಿಲ್ಲಿಸಿದ ಮೇಲೆ ಒಂದು ಪರೀಕ್ಷೆ ಬಾಕಿ ಇದೆ. ಅಡ್ಡಪಟ್ಟಿಗೆ ಹಗ್ಗ ಕಟ್ಟಿ, ಕಂಬ ಬಿದ್ದರೂ ತಾಗದಷ್ಟು ದೂರದಲ್ಲಿ ನಿಂತು ದೊಡ್ಡವರಿಬ್ಬರು ಮುಂದಕ್ಕೆ ಎಳೆಯಿರಿ. ಹಿಂದಿನ ತಳ ನೆಲ ಬಿಟ್ಟು ಎದ್ದರೆ ಆಟ ಇಲ್ಲ. ರಾತ್ರಿ ಮಳೆ ಬಂದಿದ್ದರೆ ನಿನ್ನೆ ಗಟ್ಟಿಯಾಗಿದ್ದ ಗೂಟ ಇವತ್ತು ಸಡಿಲವಾಗಿರುತ್ತದೆ, ಮತ್ತೆ ಎಳೆದು ನೋಡಿ.

ಸಾಗಿಸಲು ನಾಲ್ವರು ದೊಡ್ಡವರು. ಆಟ ಮುಗಿದ ಮೇಲೆ ಎರಡು ಕಂಬಗಳನ್ನು ಎದುರುಬದುರಾಗಿಟ್ಟು ಸರಪಳಿ ಬಿಗಿದು ಬೀಗ ಹಾಕಿ. ಸಂಜೆ ಊರ ಹುಡುಗರು ಮೈದಾನಕ್ಕೆ ಬರುತ್ತಾರೆ, ಅವರೂ ನಮ್ಮ ಮಕ್ಕಳೇ.

ಮ್ಯಾಟುಗಳು

ಎತ್ತರ ಜಿಗಿತದ್ದು ಎರಡು ಫೋಮ್ ದಿಂಡು. ಅಂತರರಾಷ್ಟ್ರೀಯ ಸ್ಪರ್ಧೆಗೆ 6 × 4 ಮೀಟರ್ ಅಗಲ, 70 ಸೆಂಟಿಮೀಟರ್ ದಪ್ಪ ಬೇಕು. ನಮ್ಮದು ಅದಕ್ಕಿಂತ ಚಿಕ್ಕದು. ಚಿಕ್ಕದಾಗಿರುವುದರಿಂದಲೇ ಇದ್ದದ್ದು ಪೂರ್ತಿ ಗಟ್ಟಿಯಾಗಿರಬೇಕು.

☐ ಮೊಣಕಾಲೂರಿ ಪೂರ್ತಿ ಭಾರ ಬಿಡಿ. ನೆಲ ತಾಗಿದರೆ ಫೋಮ್ ಸತ್ತಿದೆ. ಮಧ್ಯಭಾಗದಲ್ಲೇ ಮೊದಲು ಸಾಯುವುದು, ಅಲ್ಲಿ ಮೂರು ಕಡೆ ಒತ್ತಿ.
☐ ನೀರು ಒಸರಿದರೆ ಬಿಸಿಲಿಗೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಮೂರು ದಿನ ತೇವ ಇರುತ್ತದೆ.
☐ ಇಲಿ ಕೊರೆದ ತೂತು. ಕೈಗವಸು ಹಾಕಿ ಒಳಗೆ ತಡವಿ. ಮೇಲಿನ ತೂತು ರೂಪಾಯಿಯಷ್ಟಿದ್ದರೂ ಒಳಗೆ ಬಕೆಟ್‌ನಷ್ಟು ಪೊಳ್ಳು ಇರಬಹುದು.
☐ ಎರಡು ದಿಂಡುಗಳ ನಡುವಿನ ಸಂದು. ಬೆಲ್ಟಿನಿಂದ ಬಿಗಿದು, ಮೇಲೆ ತೆಳು ಮ್ಯಾಟ್ ಹೊದಿಸಿ. ಸಂದಿಗೆ ಕಾಲು ಸಿಕ್ಕಿ ಹೊರಳಿದರೆ ಆ ಮಗುವಿಗೆ ಆ ವರ್ಷದ ಕ್ರೀಡಾಕೂಟ ಮುಗಿದಂತೆ.
☐ ಮ್ಯಾಟಿಗೂ ನಿಲುವು ಕಂಬಕ್ಕೂ ಕನಿಷ್ಠ 10 ಸೆಂಟಿಮೀಟರ್ ಅಂತರ.

ಮ್ಯಾಟಿಗೆ ಕೆಂಪು ಪಟ್ಟಿ ಬಿದ್ದ ದಿನ ಮರಳ ಗುಂಡಿಯಲ್ಲಿ ಕತ್ತರಿ ಜಿಗಿತ ಮಾತ್ರ. ಬೆನ್ನು ಕೆಳಗಾಗಿ ಬೀಳುವ ಫಾಸ್‌ಬರಿ ಜಿಗಿತವನ್ನು ಮರಳಿನ ಮೇಲೆ ಒಬ್ಬರಿಗೂ ಮಾಡಲು ಬಿಡಬೇಡಿ, ಎಷ್ಟೇ ಚೆನ್ನಾಗಿ ಜಿಗಿಯುವ ಹುಡುಗಿಯಾದರೂ.

ಕಬಡ್ಡಿ ಮ್ಯಾಟ್: ಒಂದು ಮೀಟರ್ ಚೌಕದ 104 ತುಂಡುಗಳಿವೆ, 5 ಹರಿದಿವೆ. 12 × 8 ಅಂಕಣಕ್ಕೆ 96 ಸಾಕು. ಹಲ್ಲು ಮುರಿದದ್ದು, ಮೂಲೆ ಮುರುಟಿಕೊಂಡದ್ದು ಅಂಕಣದ ಒಳಗೆ ಬೇಡ. ದೂಳು ಒರೆಸಿ, ಒಣಗಿದ ಮೇಲೆ ಹಾಸಿ.

ಹರ್ಡಲ್‌ಗಳು

20 ಇವೆ, ಎರಡು ಲೇನಿಗೆ ಸರಿಯಾಗಿ. ಹರ್ಡಲ್ ತಾಗಿದರೆ ಬೀಳಬೇಕು, ಅದೇ ಅದರ ಗುಣ. ಮೇಲ್ಪಟ್ಟಿಯ ನಡುಮಧ್ಯಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ, ಓಟದ ದಿಕ್ಕಿಗೇ, ನೆಲಕ್ಕೆ ಸಮಾನಾಂತರವಾಗಿ ಎಳೆಯಿರಿ: 3.6ರಿಂದ 4 ಕಿಲೋ ಒಳಗೆ ಮಗುಚಬೇಕು. ಹೆಚ್ಚು ಬಲ ಬೇಕಾದರೆ ತಳದ ತೂಕದ ತುಂಡು ತಪ್ಪು ಗುರುತಿನಲ್ಲಿದೆ. ಎತ್ತರ ಬದಲಿಸಿದಾಗಲೆಲ್ಲ ಅದನ್ನೂ ಸರಿಸಬೇಕು. ಇದನ್ನು ಮರೆಯುವುದೇ ಹೆಚ್ಚು.

☐ ಎರಡೂ ಬದಿಯ ಪಿನ್ ಒಂದೇ ತೂತಿನಲ್ಲಿ. ಪಿನ್ ಇಲ್ಲದ ಕಡೆ ಮೊಳೆ ತುರುಕಿದ್ದರೆ ಕೆಂಪು ಪಟ್ಟಿ.
☐ ಮರದ ಪಟ್ಟಿಯ ಸಿಬಿರು: ಹಳೆ ಬನಿಯನ್ ಬಟ್ಟೆ ಸವರಿ ನೋಡಿ, ಎಳೆ ಸಿಕ್ಕಿಕೊಂಡರೆ ಮರಳು ಕಾಗದ ಉಜ್ಜಿ.
☐ ಇಡುವಾಗ ಕಾಲುಗಳು ಓಟಗಾರ ಬರುವ ಕಡೆಗೆ. ತಿರುಗಿಸಿಟ್ಟ ಹರ್ಡಲ್ ಬೀಳುವುದಿಲ್ಲ, ಓಟಗಾರ ಬೀಳುತ್ತಾನೆ.

ಹೊಸಬರಿಗೆ ಇಟ್ಟಿಗೆಯ ಮೇಲೆ ಸುಮ್ಮನೆ ಇಟ್ಟ ಬಿದಿರು ಕೋಲು ಸಾಕು. ಕಟ್ಟಬೇಡಿ.

ಎಸೆತದ ಸಾಮಗ್ರಿ

ಗುಂಡು: ತೂಕವನ್ನು ಬಿಸಿಯೂಟದ ಅಡುಗೆಮನೆಯ ತಕ್ಕಡಿಯಲ್ಲಿ ನೋಡಿ. ಸ್ಪರ್ಧೆಯಲ್ಲಿ ನಿಗದಿಗಿಂತ ಕಡಿಮೆ ತೂಗಿದರೆ ನಡೆಯುವುದಿಲ್ಲ. 18ರ ಒಳಗಿನವರಿಗೆ ವಿಶ್ವ ಅಥ್ಲೆಟಿಕ್ಸ್ ಅಳತೆ ಹುಡುಗರಿಗೆ 5 ಕಿಲೋ, ಹುಡುಗಿಯರಿಗೆ 3 ಕಿಲೋ. ಹೋಬಳಿ ಕೂಟಕ್ಕೆ ಸುತ್ತೋಲೆಯಲ್ಲಿ ಬಂದದ್ದೇ ಅಂತಿಮ. ಮೇಲ್ಮೈ ನುಣುಪಾಗಿರಬೇಕು. ತುಕ್ಕಿನ ಹೊಪ್ಪಳೆ ಕತ್ತಿನ ಚರ್ಮ ತರಚುತ್ತದೆ.

ಡಿಸ್ಕಸ್: ಕಿವಿಯ ಹತ್ತಿರ ಅಲುಗಿಸಿ. ಒಳಗೆ ಸದ್ದಾದರೆ ತಿರುಪು ಸಡಿಲ. ಲೋಹದ ಅಂಚಿನ ಸುತ್ತ ಕೈಗವಸಿನ ಬೆರಳು ಓಡಿಸಿ. ಮೊನೆಯಾಗಿ ಎದ್ದ ಕಡೆ ಅರ ಹಾಕಿ ಉಜ್ಜಿ. ಮರ ಸೀಳಿದ್ದರೆ ಕೆಂಪು ಪಟ್ಟಿ.

ಜಾವೆಲಿನ್: ಒಂದು ಕಣ್ಣು ಮುಚ್ಚಿ ಬಾಲದಿಂದ ಮೊನೆಯವರೆಗೆ ನೋಡಿ, ಬಾಗಿದ್ದು ತಕ್ಷಣ ಗೊತ್ತಾಗುತ್ತದೆ. ಲೋಹದ ತಲೆ ತಿರುಗಬಾರದು, ಹಿಡಿಯ ದಾರ ಬಿಚ್ಚಿರಬಾರದು. ಬಿದಿರಿನದರಲ್ಲಿ ಉದ್ದ ಸೀಳು ಕಂಡರೆ ಅಂಟಿಸಿ ಬಳಸುವ ಪ್ರಯತ್ನ ಬೇಡ. ಮೊನೆಗೆ ಹಳೆ ಟೆನಿಸ್ ಚೆಂಡು ಸಿಕ್ಕಿಸಿ ಗೋಡೆಯ ಗೂಟಗಳ ಮೇಲೆ ಅಡ್ಡ ಮಲಗಿಸಿಡಿ. ಒಯ್ಯುವಾಗ ನೇರ ನಿಲ್ಲಿಸಿ, ಮೊನೆ ಕೆಳಗೆ, ಒಬ್ಬರಿಗೆ ಒಂದೇ. ಹೆಗಲ ಮೇಲೆ ಹೊತ್ತವರು ಹಿಂದೆ ತಿರುಗಿದರೆ ಹಿಂಬದಿಯವರ ಕಣ್ಣಿಗೆ ಬಾಲ.

ಹ್ಯಾಮರ್: ಒಂದಿದೆ. ನಮ್ಮಲ್ಲಿ ಬಲೆಯ ಪಂಜರ ಇಲ್ಲ, ಆದ್ದರಿಂದ ಪೆಟ್ಟಿಗೆಯಲ್ಲಿ ಬೀಗದೊಳಗೆ ಇರಲಿ.

ನೋಡಿದ್ದೆಲ್ಲ ದಾಸ್ತಾನು ಪುಸ್ತಕದ ಕೊನೆಯ ಹಾಳೆಗಳಲ್ಲಿ ಬರೆದು ಇಬ್ಬರೂ ಸಹಿ ಮಾಡಿ, ಕೆಂಪು ಪಟ್ಟಿ ಬಿದ್ದ ಸಾಮಾನುಗಳ ಪಟ್ಟಿಯನ್ನು ಅದೇ ದಿನ ಮುಖ್ಯ ಶಿಕ್ಷಕರಿಗೆ ಕೊಡಿ. ಕೀಲಿಕೈ ಕಚೇರಿಯ ಹಲಗೆಯ ಮೂರನೇ ಮೊಳೆಗೆ.