ವಿಷಯ: ಹಿರಿಯ ಲೆಕ್ಕಿಗ (ಬಿಲ್ ಪಾವತಿ) ಹುದ್ದೆಯನ್ನು ಇಬ್ಬರು ಹಂಚಿಕೊಂಡು ನಿರ್ವಹಿಸಲು ಅನುಮತಿ ಕೋರಿ

ಇವರಿಗೆ,
ವ್ಯವಸ್ಥಾಪಕರು, ಲೆಕ್ಕಪತ್ರ ವಿಭಾಗ

ಮಾನ್ಯರೇ,

ಮನೆಯಲ್ಲಿ ಹಿರಿಯರ ಆರೈಕೆ ನನ್ನ ಪಾಲಿಗೆ ಬಂದಿರುವುದರಿಂದ ವಾರಪೂರ್ತಿ ಕೆಲಸ ಮುಂದುವರಿಸುವುದು ಕಷ್ಟವಾಗಿದೆ. ಕೆಲಸ ಬಿಡುವ ಮನಸ್ಸಿಲ್ಲ. ಎರಡು ವರ್ಷದ ಹಿಂದೆ ನಮ್ಮ ವಿಭಾಗ ಬಿಟ್ಟ ಸಹೋದ್ಯೋಗಿಯೊಬ್ಬರು ಅರ್ಧ ವಾರದ ಕೆಲಸಕ್ಕಾದರೆ ಮರಳಲು ಸಿದ್ಧರಿದ್ದಾರೆ. ನಮ್ಮ ಸಾಫ್ಟ್‌ವೇರ್, ಪೂರೈಕೆದಾರರು ಎರಡೂ ಅವರಿಗೆ ಗೊತ್ತು. ಹಾಗಾಗಿ ಈ ಪ್ರಸ್ತಾವ.

ಸೋಮವಾರ, ಮಂಗಳವಾರ ಮತ್ತು ಬುಧವಾರ ಮಧ್ಯಾಹ್ನ 2ರವರೆಗೆ ನಾನಿರುತ್ತೇನೆ. ಬುಧವಾರ 12ರಿಂದ ಶುಕ್ರವಾರ ಸಂಜೆಯವರೆಗೆ ಅವರು. ಬುಧವಾರದ ಆ ಎರಡು ಗಂಟೆ ಇಬ್ಬರೂ ಎದುರುಬದುರು ಕೂತು ಕೆಲಸ ಹಸ್ತಾಂತರಿಸುತ್ತೇವೆ. ಬಿಲ್ ಪರಿಶೀಲನೆ ಮತ್ತು ಎಂಟ್ರಿ ನನ್ನ ಹೊಣೆ; ಪಾವತಿ ಪಟ್ಟಿ, ಬ್ಯಾಂಕ್ ತಾಳೆ ಅವರದು. ಪೂರೈಕೆದಾರರ ಕರೆಗಳನ್ನು ಆ ದಿನ ಇದ್ದವರೇ ನೋಡಿಕೊಳ್ಳುತ್ತಾರೆ. ತಿಂಗಳ ಕೊನೆಯ ಎರಡು ಕೆಲಸದ ದಿನ ಇಬ್ಬರೂ ಬರುತ್ತೇವೆ; ಆ ಹೆಚ್ಚುವರಿ ಗಂಟೆಗಳನ್ನು ಮುಂದಿನ ವಾರ ರಜೆಯಾಗಿ ಹೊಂದಿಸಿಕೊಳ್ಳುತ್ತೇವೆ.

"ಅದು ಅವರಿಗೆ ಗೊತ್ತು, ನನಗಲ್ಲ" ಎಂಬ ಮಾತು ಬರಬಾರದು. ಇಂಥ ವ್ಯವಸ್ಥೆ ಕೆಡುವುದೇ ಅಲ್ಲಿ. ಇಬ್ಬರಿಗೂ ಒಂದೇ ಇಮೇಲ್ ವಿಳಾಸ, ಒಂದೇ ಹಸ್ತಾಂತರ ಹಾಳೆ ಇರಲಿ. ಹಾಳೆಯಲ್ಲಿ ಸಾಲುಗಳು ಹೀಗಿರುತ್ತವೆ: "ಪ್ಯಾಕಿಂಗ್ ಪೂರೈಕೆದಾರರ ಬಿಲ್ ತಡೆಹಿಡಿದಿದೆ. ಆರ್ಡರ್‌ನಲ್ಲಿ 400 ಪೆಟ್ಟಿಗೆ, ಬಿಲ್‌ನಲ್ಲಿ 440. ಗೋದಾಮಿನ ಉತ್ತರ ಗುರುವಾರ ಬರಬೇಕು, ಬಂದ ಮೇಲೆಯೇ ಪಾವತಿ."

ಸಂಸ್ಥೆಗೆ ಇದರಿಂದಾಗುವ ದೊಡ್ಡ ಲಾಭ ಹಣದ ಸುರಕ್ಷತೆ. ಈಗ ಬಿಲ್ ಎಂಟ್ರಿ ಮಾಡುವುದೂ ನಾನೇ, ಪಾವತಿ ಪಟ್ಟಿ ತಯಾರಿಸುವುದೂ ನಾನೇ. ಕಳೆದ ಆಂತರಿಕ ಆಡಿಟ್ ಇದನ್ನೇ ಎತ್ತಿ ತೋರಿಸಿತ್ತು. ಕೈ ಬೇರೆಯಾದರೆ ಎರಡು ಸಲ ದಾಖಲಾದ ಬಿಲ್ ಹಣ ಹೋಗುವ ಮುಂಚೆಯೇ ಸಿಕ್ಕಿಬೀಳುವ ಸಾಧ್ಯತೆ ಹೆಚ್ಚು. ನಾನು ರಜೆ ಹಾಕಿದರೆ ಈಗ ಪಾವತಿ ನಿಂತೇ ಹೋಗುತ್ತದೆ, ಮುಂದೆ ಹಾಗಾಗದು. ಹೊಸಬರನ್ನು ಹುಡುಕಿ ಕಲಿಸುವ ಖರ್ಚೂ ಇಲ್ಲ.

ಖರ್ಚೇ ಇಲ್ಲವೆಂದೇನೂ ಅಲ್ಲ. ವಾರಕ್ಕೆ 40 ಗಂಟೆಯ ಬದಲು 42 ಗಂಟೆಯ ಸಂಬಳ, ಇನ್ನೊಂದು ಲ್ಯಾಪ್‌ಟಾಪ್, ಇನ್ನೊಂದು ಸಾಫ್ಟ್‌ವೇರ್ ಲೈಸೆನ್ಸ್ ಬೇಕಾಗುತ್ತದೆ. ಸಂಬಳ, ರಜೆ, ಬೋನಸ್ ಇಬ್ಬರಿಗೂ ಗಂಟೆಗಳ ಲೆಕ್ಕದಲ್ಲಿ ಸಾಕು. ವಿಮೆಯ ವಿಷಯವನ್ನು ಮಾನವ ಸಂಪನ್ಮೂಲ ವಿಭಾಗ ಸ್ಪಷ್ಟಪಡಿಸಬೇಕು.

ಮೊದಲು ಮೂರು ತಿಂಗಳು ಪ್ರಯೋಗವಾಗಿ ನಡೆಸೋಣ. ತಡವಾದ ಪಾವತಿಗಳೆಷ್ಟು, ತಿಂಗಳ ಲೆಕ್ಕ ಮುಗಿಸಿದ್ದು ಯಾವಾಗ ಎಂಬುದನ್ನು ಹಿಂದಿನ ಮೂರು ತಿಂಗಳ ಜೊತೆ ಹೋಲಿಸಿ ತಾವೇ ತೀರ್ಮಾನಿಸಬಹುದು. ಸರಿಹೋಗದಿದ್ದರೆ ಒಂದು ತಿಂಗಳ ಮುನ್ಸೂಚನೆ ಕೊಡಿ, ಪೂರ್ಣಾವಧಿಗೆ ಮರಳುತ್ತೇನೆ. ಇಬ್ಬರಲ್ಲಿ ಒಬ್ಬರು ಬಿಟ್ಟರೆ, ಬದಲಿ ಸಿಗುವವರೆಗೆ ಉಳಿದವರು ವಾರಕ್ಕೆ ನಾಲ್ಕು ದಿನ ಬರಲು ಒಪ್ಪಿದ್ದೇವೆ.

ಈ ಬಗ್ಗೆ ಮಾತನಾಡಲು ಮುಂದಿನ ವಾರ ಅರ್ಧ ಗಂಟೆ ಸಮಯ ಕೊಡಬೇಕೆಂದು ಕೋರುತ್ತೇನೆ. ಹಸ್ತಾಂತರ ಹಾಳೆಯ ಮಾದರಿಯನ್ನು ಜೊತೆಗೆ ತರುತ್ತೇನೆ.

ತಮ್ಮ ವಿಶ್ವಾಸಿ,
ಹಿರಿಯ ಲೆಕ್ಕಿಗ, ಬಿಲ್ ಪಾವತಿ