ಹೊಸ್ತಿಲೇ, ಕೇಳು

(ತಮ್ಮನ ಮನೆಯ ಗೃಹಪ್ರವೇಶದ ಬೆಳಗ್ಗೆ, ಒಳಗೆ ಕಾಲಿಡುವ ಮೊದಲು ಅಕ್ಕ ಓದುವ ಹರಕೆ)

ತುಸು ನಿಲ್ಲು ತಮ್ಮಾ, ತುಸು ನಿಲ್ಲು ತಂಗೀ,
ಎತ್ತಿದ ಬಲಗಾಲು ಅಲ್ಲೇ ಇರಲಿ.
ಒಳಗೆ ಹೋಗುವ ಮುನ್ನ ನಾಲ್ಕು ಮಾತು
ಈ ಹೊಸ್ತಿಲ ಕೂಡ ಆಡುವುದಿದೆ ನನಗೆ.

ಹೊಸ್ತಿಲೇ, ಕೇಳು.
ಅರಿಶಿನ ಹಚ್ಚಿಸಿಕೊಂಡು, ಕುಂಕುಮ ಇಡಿಸಿಕೊಂಡು
ಮದುವಣಗಿತ್ತಿಯ ಹಾಗೆ ಕೂತಿದ್ದೀಯ ಇವತ್ತು.
ಮೊನ್ನೆಯವರೆಗೆ ನೀನೊಂದು ಮರದ ತುಂಡು,
ಬಡಗಿಯ ಉಳಿಗೆ ಮೈಕೊಟ್ಟು ಮಲಗಿದ್ದವಳು.
ಇಂದಿನಿಂದ ನಮ್ಮವಳು.
ಹೋಗುವವರನ್ನು ಕೊನೆಗೆ ಕಾಣುವವಳು ನೀನು,
ಬರುವವರನ್ನು ಮೊದಲು ಕಾಣುವವಳು ನೀನು,
ಅದಕ್ಕೇ ಮೊದಲ ಮಾತು ನಿನಗೆ.

ಯಾರಿವರು ಅಂತ ನಿನಗೆ ಗೊತ್ತಿರಬೇಕು.
ಇವನು ನನ್ನ ತಮ್ಮ. 14 ವರ್ಷದಲ್ಲಿ
ಆರು ಬಾಡಿಗೆ ಮನೆ ಹೊಕ್ಕು ಹೊರಟವನು,
ಆರು ಸಲ ಬೀಗದ ಕೈ ತಿರುಗಿ ಕೊಟ್ಟವನು.
ಒಂದು ಮನೆಯಲ್ಲಿ ರಾತ್ರಿ ಒಂಬತ್ತರ ಮೇಲೆ
ನಲ್ಲಿ ತಿರುಗಿಸುವ ಹಾಗಿರಲಿಲ್ಲ.
ಒಂದರಲ್ಲಿ ಮಗು ಓಡಿದರೆ ಕೆಳಗಿನಿಂದ
ಕೋಲಲ್ಲಿ ಕುಟ್ಟುವ ಸದ್ದು.
ಇನ್ನೊಂದರಲ್ಲಿ, ಬಂದ ನೆಂಟರ ಚಪ್ಪಲಿ
ಎಣಿಸಿ ಎಣಿಸಿ ನೋಡುವ ಕಣ್ಣು.
ಗೋಡೆಗೆ ಮೊಳೆ ಹೊಡೆಯುವುದಂತೂ ಎಲ್ಲೂ ಕೂಡದು.

ಹೀಗಾಗಿ ಅಪ್ಪನ ಫೋಟೋ
ಅಮ್ಮನ ಹಳೇ ಸೀರೆಯಲ್ಲಿ ಸುತ್ತಿಕೊಂಡು
ಟ್ರಂಕಿನೊಳಗೇ ಉಳಿಯಿತು.
ಮನೆಯಿಂದ ಮನೆಗೆ ಮಲಗಿಕೊಂಡೇ ಬಂದರು ಅಪ್ಪ.
ಎದ್ದು ನಿಂತು ಮೊಮ್ಮಕ್ಕಳನ್ನು ನೋಡಲು
ಅವರಿಗೊಂದು ಗೋಡೆ ಬೇಕಿತ್ತು.
ಹೊಸ್ತಿಲೇ, ಈ ಮನೆಯ ಮೊದಲ ಮೊಳೆ ಅವರದು.
ಆ ಸುತ್ತಿಗೆಯ ಏಟಿಗೆ ನೀನು ಬೆಚ್ಚಬೇಡ,
ಮಂಗಳವಾದ್ಯ ಅಂದುಕೋ.

ಪಾಯ ತೋಡಿದ ಕೈಗೆ ನೋವು ಕಾಡದೆ ಇರಲಿ,
ಕಾಯ ಸವೆಸಿದವರ ಮನೆ ಬೆಳಗಲಿ.
ಗಾರೆ ಕಲಸಿದವರ, ಕಂಬಿ ಬಗ್ಗಿಸಿದವರ,
ಸಾರುವೆಯ ಮೇಲೆ ನಿಂತು ಬಿಸಿಲು ಹೊತ್ತವರ
ಮಕ್ಕಳು ನಗಲಿ, ಮಳೆಗೆ ಮಾಡು ಸೋರದೆ ಇರಲಿ.
ಊರವರ ಮನೆಯನ್ನೆಲ್ಲ ಕಟ್ಟಿ ಕಟ್ಟಿ
ತಮ್ಮದೊಂದು ಕಟ್ಟಲಾಗದವರ ಬೆವರು
ಈ ಗೋಡೆಯೊಳಗಿದೆ. ಇವತ್ತಿನ ಊಟಕ್ಕೆ
ಅವರೇ ಮೊದಲ ಪಂಕ್ತಿ ಎಂದು ನಾನು ಹೇಳಿಯಾಗಿದೆ.

ತಾರಸಿ ಹಾಕಿದ ಸಂಜೆ ಮೇಸ್ತ್ರಿ ನನಗೊಂದು ಮಾತು ಹೇಳಿದರು:
“ಸಿಮೆಂಟು ಒಣಗಿ ಗಟ್ಟಿಯಾಗುತ್ತೆ ಅಂದ್ಕೊಂಡ್ರಾ ಅಕ್ಕಾ?
ಅಲ್ಲ, ಅದು ನೀರು ಕುಡಿದು ಗಟ್ಟಿಯಾಗೋದು.
ಬೇಗ ಒಣಗಿತು ಅಂದ್ರೆ ಬಿರುಕು ಬಿಡುತ್ತೆ.”
ಅಂದಿನಿಂದ 21 ದಿನ
ಮೇಲೆ ಪಾತಿ ಕಟ್ಟಿ ನೀರು ನಿಲ್ಲಿಸಿದಿರಿ ನೀವಿಬ್ಬರು.
ಕೆಲಸಕ್ಕೆ ಹೋಗುವ ಮುನ್ನ ಒಬ್ಬರು,
ಕೆಲಸದಿಂದ ಬಂದ ಮೇಲೆ ಒಬ್ಬರು,
ಗೋಡೆ ಗೋಡೆಗೂ ಕೊಡ ಹೊತ್ತಿರಿ.

ತಮ್ಮಾ, ತಂಗೀ,
ನನ್ನ ಹರಕೆ ಅಷ್ಟೇ, ಬೇರೆ ಹುಡುಕಲಾರೆ:
ನಿಮ್ಮ ನಡುವೆಯೂ ತೇವ ಆರದಿರಲಿ.
ಮುನಿದ ದಿನ ಒಂದು ಚೆಂಬು ಹೆಚ್ಚೇ ಸುರಿಯಿರಿ.
ಇಷ್ಟು ವರ್ಷವಾಯಿತು, ಇನ್ನು ತಾನೇ ನಿಂತೀತು ಅಂತ
ಯಾವತ್ತೂ ಅಂದುಕೊಳ್ಳಬೇಡಿ.
ಮಳೆಗಾಲಕ್ಕೆ ಮರ ಉಬ್ಬಿ ಈ ಬಾಗಿಲು ಬಿಗಿಯಾದೀತು.
ಬಿಗಿಯಾಗಲಿ, ಒದೆಯಬೇಡಿ.
ಬಿಸಿಲು ಬರುತ್ತದೆ, ತಾನಾಗಿ ಸಡಿಲುತ್ತದೆ.

ತಂಗೀ, ನೀನು ನಾದಿನಿಯಾಗಿ ಬಂದವಳು,
ನನ್ನ ಬಾಯಿಗೆ ಎಂದೂ ತಂಗಿಯೇ.
ಪಾಯದ ಹೊತ್ತಿಗೆ ನಿನ್ನ ಕೈಬಳೆ ಬಿಚ್ಚಿ ಕೊಟ್ಟೆ,
ಕೊಟ್ಟದ್ದನ್ನು ಯಾರ ಹತ್ತಿರವೂ ಆಡಲಿಲ್ಲ.
ಮನೆಪತ್ರದಲ್ಲಿ ಎರಡು ಹೆಸರು ಕಂಡೆ,
ಕಣ್ಣು ತುಂಬಿ ಬಂತು.
ಈ ಮನೆಯಲ್ಲಿ ನಿನಗೊಂದು ಕಿಟಕಿ ಇರಲಿ,
ಅಡುಗೆಮನೆಯದಲ್ಲ, ಬೇರೆಯದು.
ಅಲ್ಲಿ ನೀನು ಸುಮ್ಮನೆ ಕೂತಿರುವಾಗ
ಯಾರೂ ಏನು ಮಾಡುತ್ತಿದ್ದೀ ಅಂತ ಕೇಳದಿರಲಿ.
ಬಳೆ ಬೇಗ ಕೈಗೆ ಮರಳಲಿ,
ಸಾಲದ ಕಂತು ತಿಂಗಳು ತಿಂಗಳೂ
ಹೂ ಇಳಿದ ಹಾಗೆ ಹಗುರಾಗಿ ಇಳಿಯಲಿ.

ಮಗಳೇ, ಇಲ್ಲಿ ಬಾ.
ಬಣ್ಣ ಹೊಡೆಯುವಾಗ ನನ್ನ ಕೈಹಿಡಿದು ಕೇಳಿದೆಯಲ್ಲ,
“ಅತ್ತೇ, ಈ ಮನೇಲಿ ಓಡಬಹುದಾ?” ಅಂತ.
ಆವತ್ತು ನನಗೆ ಗಂಟಲು ಕಟ್ಟಿತ್ತು, ಇವತ್ತು ಹೇಳುತ್ತೇನೆ.
ಓಡು, ಕುಣಿ, ಧಡಧಡ ಹೆಜ್ಜೆ ಹಾಕು,
ಕೆಳಗೆ ಇರುವುದು ಭೂಮಿ ಒಂದೇ.
ಅವಳು ಯಾರ ಮೇಲೂ ಕೋಲು ಕುಟ್ಟುವವಳಲ್ಲ.
ಪುಟ್ಟಾ, ನೀನು ಇಲ್ಲೇ ಅಂಬೆಗಾಲಿಡುವೆ,
ಇದೇ ಹೊಸ್ತಿಲು ಹಿಡಿದು ಮೊದಲ ಸಲ ನಿಲ್ಲುವೆ.
ಎಡವಿ ಬಿದ್ದರೆ ಎತ್ತುವ ಕೈ ಹತ್ತಿರವೇ ಇರಲಿ.
ದೊಡ್ಡವರಾಗಿ ನೀವಿಬ್ಬರೂ ಎಷ್ಟು ದೂರವಾದರೂ ಹೋಗಿ,
ಗೆದ್ದೇ ಬರಬೇಕೆಂದಿಲ್ಲ.
ಸೋತು ಬಂದ ರಾತ್ರಿಯೂ
ಒಳಗಿನಿಂದ ಚಿಲಕ ತೆಗೆಯುವ ಸದ್ದು ಕೇಳಲಿ.

ಹೊಸ್ತಿಲೇ, ನಿನಗೆ ನನ್ನ ಬೇಡಿಕೆ ಇನ್ನೂ ಇದೆ.
ಬಾಯಾರಿ ಬಂದವರ ಜಾತಿ ಕೇಳಬೇಡ,
ಬರಿಗಾಲಲ್ಲಿ ಬಂದವರನ್ನು ಕಾಯಿಸಬೇಡ.
ಹೊರಗಿನ ಕೋಪ ಹೊರಗೇ ಕಳಚಿಡಿಸು,
ಒಳಗಿನ ಮಾತು ಒಳಗೇ ಉಳಿಸಿಕೋ.
ರೋಗ ಬಂದರೆ ಬಂದ ದಾರಿಯಲ್ಲೇ ಕಳಿಸು.
ಬೆಳಕಿಗೆ ಅಡ್ಡ ನಿಲ್ಲಬೇಡ,
ಗಾಳಿಗೆ ಅಡ್ಡ ನಿಲ್ಲಬೇಡ,
ನಗುವಿಗಂತೂ ಅಡ್ಡ ನಿಲ್ಲಲೇ ಬೇಡ.
ದುಃಖವೂ ಒಂದು ದಿನ ನಿನ್ನನ್ನು ದಾಟಿ ಬಂದೀತು,
ಯಾರ ಮನೆಗೆ ಬಾರದು?
ಆ ಹೊತ್ತು ಇವರು ಒಬ್ಬೊಬ್ಬರೇ ಒಂದೊಂದು ಕೋಣೆಗೆ ಸರಿಯದೆ
ಒಂದೇ ಚಾಪೆಯ ಮೇಲೆ ಕೂರುವಂತೆ ಮಾಡು.

ಒಲೆ ಹೂಡಿಟ್ಟಿದೆ, ಹಾಲು ಕಾದಿದೆ.
ಉಕ್ಕುವಾಗ ಯಾರೂ ಉರಿ ತಗ್ಗಿಸಬೇಡಿ,
ಮೂಡಣಕ್ಕೆ ಚೆಲ್ಲಿದರೂ ಸರಿ, ಯಾವ ದಿಕ್ಕಿಗೆ ಚೆಲ್ಲಿದರೂ ಸರಿ,
ಚೆಲ್ಲುವಷ್ಟು ಇರಲಿ ಸದಾ ಈ ಮನೆಯಲ್ಲಿ.

ಎಲ್ಲರೂ ಇದ್ದೀರಿ. ಅಮ್ಮ ಎಲ್ಲಿ?

ಕಂಬದ ಹಿಂದೆ ಸೆರಗು ಕಾಣುತ್ತಿದೆ.
ಯಾಕಮ್ಮಾ ಅಷ್ಟು ಹಿಂದೆ ನಿಂತೆ?
ಅಪ್ಪ ಹೋದ ಮೇಲೆ ಎಲ್ಲ ಶುಭಕಾರ್ಯಕ್ಕೂ
ನೀನು ಹೀಗೇ ಹಿಂದೆ ಸರಿದೆ,
ನಾವೂ ಸುಮ್ಮನಿದ್ದೆವು. ತಪ್ಪು ನಮ್ಮದು.
ಬಾಡಿಗೆ ಮನೆಗಳ ಕತ್ತಲೆ ಮೂಲೆಗಳಲ್ಲಿ
ಇವನ ಮಕ್ಕಳನ್ನು ಮಡಿಲಲ್ಲಿಟ್ಟು ಸಾಕಿದವಳು ನೀನು.
ನಿನಗಿಂತ ಮುತ್ತೈದೆಯ ಕೈ ಯಾವುದಿದೆ ನಮಗೆ?

ದಾರಿ ಬಿಡಿ, ಅಮ್ಮನಿಗೆ ದಾರಿ ಬಿಡಿ.
ಪುಟ್ಟನನ್ನು ಇತ್ತ ಕೊಡು ತಂಗೀ, ನಾನು ಎತ್ತಿಕೊಳ್ಳುತ್ತೇನೆ.
ತಮ್ಮಾ, ಆ ದೀಪ ಅಮ್ಮನ ಕೈಗೆ ಕೊಡು,
ಗಾಳಿಗೆ ಆರದಂತೆ ನಿನ್ನ ಅಂಗೈ ಅಡ್ಡ ಹಿಡಿ.

ಅಮ್ಮಾ, ಹೊಸ್ತಿಲು ತುಸು ಎತ್ತರ ಇದೆ,
ನನ್ನ ಭುಜ ಹಿಡಿದುಕೋ.
ಬಲಗಾಲು ಮುಂದಿಡು.
ನಾವೆಲ್ಲ ನಿನ್ನ ಹಿಂದೆ.