ಗ್ರಾಹಕರ ಕರೆಗಳು: ಕಳೆದ ತಿಂಗಳ ಮೂರು ಮುಖ್ಯ ದೂರುಗಳು

ಇವರಿಗೆ: ನಿರ್ದೇಶಕರು ಮತ್ತು ವಿಭಾಗಗಳ ಮುಖ್ಯಸ್ಥರು
ಇವರಿಂದ: ಗ್ರಾಹಕ ಸೇವಾ ವಿಭಾಗ
ವಿಷಯ: ಧ್ವನಿಮುದ್ರಿತ ಕರೆಗಳ ಪರಿಶೀಲನೆ

ಕಳೆದ ತಿಂಗಳು ಸಹಾಯವಾಣಿಯಲ್ಲಿ ಮುದ್ರಣಗೊಂಡ 1,862 ಕರೆಗಳ ಪೈಕಿ, ಮಾತು ಆರಂಭವಾಗುವ ಮೊದಲೇ ಕಡಿದುಹೋದ 118ನ್ನು ಬಿಟ್ಟು ಉಳಿದ 1,744 ಕರೆಗಳನ್ನು ನಮ್ಮ ವಿಭಾಗದ ನಾಲ್ವರು ಪೂರ್ತಿಯಾಗಿ ಕೇಳಿದ್ದಾರೆ. ಅವುಗಳಲ್ಲಿ 731 ದೂರುಗಳು. ಮಿಕ್ಕವು ಸಾಮಾನ್ಯ ವಿಚಾರಣೆಗಳು. ಒಂದೇ ಕರೆಯಲ್ಲಿ ಹಲವು ಅಸಮಾಧಾನಗಳಿದ್ದಾಗ, ಗ್ರಾಹಕರು ಯಾವ ಕಾರಣಕ್ಕೆ ಕರೆ ಮಾಡಿದರೋ ಅದನ್ನಷ್ಟೇ ಎಣಿಸಲಾಗಿದೆ.

ಮೊದಲನೆಯದು, ಹಿಂದಿರುಗಿಸಿದ ವಸ್ತುವಿನ ಹಣ ಬಂದಿಲ್ಲವೆಂಬ ದೂರು: 246 ಕರೆಗಳು. ಎಲ್ಲ ದೂರುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಇದೇ ಆಗಿದ್ದರೂ ಈ ಕರೆಗಳನ್ನು ಮಾಡಿದವರು 158 ಗ್ರಾಹಕರು ಮಾತ್ರ, ಅಂದರೆ ಅನೇಕರು ಒಂದೇ ಹಣಕ್ಕಾಗಿ ಮತ್ತೆ ಮತ್ತೆ ಕರೆ ಮಾಡಿದ್ದಾರೆ. ವಾಷಿಂಗ್ ಮಷಿನ್ ಹಿಂದಿರುಗಿಸಿದ್ದ ಮಹಿಳೆಯೊಬ್ಬರು ಐದನೇ ಕರೆಯಲ್ಲಿ ತಮ್ಮ ಪಾಸ್‌ಬುಕ್ಕಿನ ನಮೂದುಗಳನ್ನು ತಾರೀಖಿನ ಸಮೇತ ಒಂದೊಂದಾಗಿ ಓದಿ, "ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ, ನೀವೇ ಹೇಳಿ" ಎಂದು ಕೇಳಿದ್ದಾರೆ. ನಮ್ಮ ಸಿಬ್ಬಂದಿಯ ಬಳಿ "ಇನ್ನೆರಡು ದಿನ ನೋಡಿ" ಎಂಬುದರ ಹೊರತು ಬೇರೆ ಉತ್ತರವಿರಲಿಲ್ಲ. ಬ್ಯಾಂಕಿಗೆ ಸೂಚನೆ ಹೋದ ದಿನವೇ "ಹಣ ಮರಳಿಸಲಾಗಿದೆ" ಎಂಬ ಸಂದೇಶ ಗ್ರಾಹಕರಿಗೆ ಹೋಗುತ್ತದೆ. ಸಿಬ್ಬಂದಿಯ ಪರದೆಯಲ್ಲಿಯೂ ಅದೇ ಮಾತು ಕಾಣುತ್ತದೆ. ಜಮೆಯಾಗಲು ಹಿಡಿಯುವ ಕಾಲಕ್ಕಿಂತ ಹೆಚ್ಚಾಗಿ, ನಾವು ಮುಂಚಿತವಾಗಿ ಹೇಳಿಬಿಡುವ ಈ ಮಾತೇ ಜನರ ನಂಬಿಕೆಯನ್ನು ಕೆಡಿಸುತ್ತಿದೆ ಎಂಬುದು ಕರೆಗಳನ್ನು ಕೇಳಿದ ನಮ್ಮೆಲ್ಲರ ಅಭಿಪ್ರಾಯ.

ಎರಡನೆಯದು, ರಿಪೇರಿಗೆ ತಂತ್ರಜ್ಞರು ಹೇಳಿದ ಸಮಯಕ್ಕೆ ಬರಲಿಲ್ಲವೆಂಬ ದೂರು: 173 ಕರೆಗಳು. ಇವುಗಳಲ್ಲಿ 64 ಕರೆಗಳನ್ನು ಪ್ರತ್ಯೇಕವಾಗಿ ಗಮನಿಸಬೇಕೆಂದು ಕೋರುತ್ತೇನೆ. ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಕಾದಿದ್ದವರ ದೂರನ್ನೂ "ಮನೆಯಲ್ಲಿ ಯಾರೂ ಇರಲಿಲ್ಲ" ಎಂದು ಬರೆದು ಮುಕ್ತಾಯಗೊಳಿಸಲಾಗಿದೆ. ತಂತ್ರಜ್ಞರ ಕಡೆಯ ವಿವರಣೆಯನ್ನು ನಾವಿನ್ನೂ ಪಡೆದಿಲ್ಲವಾದ್ದರಿಂದ, ಕೆಲವೆಡೆ ವಿಳಾಸವೇ ತಪ್ಪಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು. ಯಾರ ಮೇಲಾದರೂ ಕ್ರಮ ಜರುಗಿಸುವ ಮೊದಲು ಅದನ್ನು ಪರಿಶೀಲಿಸಬೇಕು.

ಮೂರನೆಯದು, ಕರೆಯನ್ನು ಬೇರೆಯವರಿಗೆ ವರ್ಗಾಯಿಸಿದಾಗಲೆಲ್ಲ ಇಡೀ ಸಂಗತಿಯನ್ನು ಮೊದಲಿನಿಂದ ಹೇಳಬೇಕಾಗುತ್ತದೆ ಎಂಬುದು: 121 ಕರೆಗಳು. ಹಿಂದಿನ ಕರೆಯ ಟಿಪ್ಪಣಿ ಮುಂದಿನವರ ಪರದೆಗೆ ಬರುವುದಿಲ್ಲ. ಇದು ಸಾಫ್ಟ್‌ವೇರ್‌ನಲ್ಲಿಯೇ ಸರಿಪಡಿಸಬೇಕಾದ ಕೊರತೆ.

ಉಳಿದ 191 ದೂರುಗಳು ಬಿಡಿಬಿಡಿಯಾಗಿದ್ದು, ಅವುಗಳಲ್ಲಿ ಯಾವುದೂ 40ರ ಸಂಖ್ಯೆಯನ್ನು ಮುಟ್ಟಿಲ್ಲ.

ತಕ್ಷಣಕ್ಕೆ ಒಂದೇ ತೀರ್ಮಾನವನ್ನು ಕೋರುತ್ತೇವೆ. ಈಗಿನ ಸಂದೇಶದ ಬದಲು "ನಿಮ್ಮ ಹಣವನ್ನು ಮರಳಿಸುವಂತೆ ಬ್ಯಾಂಕಿಗೆ ಸೂಚಿಸಿದ್ದೇವೆ, ಜಮೆ ಖಚಿತವಾದ ಕೂಡಲೇ ಮತ್ತೊಂದು ಸಂದೇಶ ಕಳುಹಿಸುತ್ತೇವೆ" ಎಂದು ಕಳುಹಿಸಲು ಲೆಕ್ಕಪತ್ರ ವಿಭಾಗದ ಒಪ್ಪಿಗೆ ಬೇಕಾಗಿದೆ. ಮೇಲೆ ಹೇಳಿದ ಮಹಿಳೆಯ ಐದನೇ ಕರೆ 11 ನಿಮಿಷಗಳದ್ದು. ಸೋಮವಾರದ ಸಭೆಗೆ ಮುನ್ನ ತಾವೆಲ್ಲರೂ ಅದನ್ನು ಒಮ್ಮೆ ಪೂರ್ತಿಯಾಗಿ ಕೇಳಬೇಕೆಂದು ವಿನಂತಿ.